ಶಂಕರಣ್ಣನ 120 ಸೆಂಟ್ಸ್ ತೋಟ: ಯಾರಿಗೆ ಎಷ್ಟು?

ಬದಿಯಡ್ಕದ ಕಡೆಯ ಒಂದು ಮನೆ ಅಂದುಕೊಳ್ಳಿ. ಹೆಸರೆಲ್ಲ ಕಲ್ಪಿತ. ಶಂಕರಣ್ಣ ಸ್ವಂತ ದುಡಿಮೆಯಲ್ಲಿ ಕೊಂಡ 120 ಸೆಂಟ್ಸ್ ಅಡಿಕೆ ತೋಟ ಬಿಟ್ಟು ತೀರಿಕೊಂಡರು. ಅಪ್ಪನಿಂದ ಮಕ್ಕಳಿಗೆ ಆಸ್ತಿ ಇಳಿಯುವ ಮಕ್ಕಳಕಟ್ಟಿನ ಹಿಂದೂ ಕುಟುಂಬ, ಆದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನವರಿಗೆ, ಮುಖ್ಯವಾಗಿ ಹೆಂಗಸರ ಆಸ್ತಿಯಲ್ಲಿ, ಲೆಕ್ಕ ಸ್ವಲ್ಪ ಬೇರೆ. ಅದನ್ನು ಇಲ್ಲಿಗೆ ಎಳೆಯುವುದು ಬೇಡ.

ಮೊದಲು ಒಂದು ಹಾಳೆಯಲ್ಲಿ ವಂಶವೃಕ್ಷ ಬರೆಯಿರಿ. ಪ್ರತಿ ಹೆಸರಿನ ಪಕ್ಕ ಬದುಕಿದ್ದಾರೋ ಇಲ್ಲವೋ, ತೀರಿಕೊಂಡಿದ್ದರೆ ಯಾವ ತಾರೀಕು ಅಂತ ಹಾಕಿ. ತಾರೀಕು ಬಿಟ್ಟರೆ ಮುಂದಿನದ್ದೆಲ್ಲ ತಪ್ಪುತ್ತದೆ. ಶಂಕರಣ್ಣ ಹೋದ ದಿನ ಇದ್ದವರು: 88 ವರ್ಷದ ತಾಯಿ ಪಾರ್ವತಿಯಮ್ಮ, ಹೆಂಡತಿ ಸಾವಿತ್ರಿ, ಮಗ ಗಣೇಶ, ಪುತ್ತೂರಿಗೆ ಮದುವೆಯಾಗಿ ಹೋದ ಮಗಳು ಉಷಾ. ಹಿರಿ ಮಗ ರಾಮ ಮೂರು ವರ್ಷ ಮೊದಲೇ ತೀರಿಕೊಂಡಿದ್ದ. ಅವನ ಹೆಂಡತಿ ಸುಮಾ, ಇಬ್ಬರು ಸಣ್ಣ ಮಕ್ಕಳು ಇದ್ದಾರೆ. ಶಂಕರಣ್ಣನ ತಮ್ಮ ಗೋಪಾಲ, ತಂಗಿ ಲಕ್ಷ್ಮಿ ಕೂಡ ಇದ್ದಾರೆ.

ಉಯಿಲು ಇಲ್ಲದಿದ್ದರೆ ಮೊದಲ ವರ್ಗದ ವಾರಸುದಾರರಿಗೆ ಒಟ್ಟಿಗೆ ಹಕ್ಕು ಬರುತ್ತದೆ. ತಾಯಿಗೆ ಒಂದು ಪಾಲು, ಹೆಂಡತಿಗೆ ಒಂದು, ಗಣೇಶನಿಗೆ ಒಂದು, ಉಷಾಗೆ ಒಂದು, ರಾಮನ ಕವಲಿಗೆ ಒಂದು. ಒಟ್ಟು ಐದು ಪಾಲು, ತಲಾ 24 ಸೆಂಟ್ಸ್. ರಾಮನ 24ನ್ನು ಸುಮಾ ಮತ್ತು ಇಬ್ಬರು ಮಕ್ಕಳು 8, 8, 8 ಅಂತ ಹಂಚಿಕೊಳ್ಳುತ್ತಾರೆ. ರಾಮನ ಬದಲು ಮಗಳೊಬ್ಬಳು ತೀರಿಕೊಂಡಿದ್ದರೆ ಅವಳ ಮಕ್ಕಳಿಗೆ ಮಾತ್ರ ಪಾಲು, ಅಳಿಯನಿಗಿಲ್ಲ. ಮೊದಲ ವರ್ಗದಲ್ಲಿ ಇಷ್ಟು ಜನ ಇರುವಾಗ ತಮ್ಮನಿಗೂ ತಂಗಿಗೂ ಏನೂ ಇಲ್ಲ.

ಇಲ್ಲಿ ಮನೆಯವರು ತಪ್ಪುವುದು ಒಂದೇ ಕಡೆ. "ಅಮ್ಮನಿಗೆ ಯಾಕೆ ಪಾಲು? ಅಮ್ಮ ನಮ್ಮ ಜೊತೆಗೇ ಇದ್ದಾರಲ್ವಾ?" ಅನ್ನುತ್ತಾರೆ. ಹಾಗೆಂದು ಅವರನ್ನು ಲೆಕ್ಕದಿಂದ ಬಿಟ್ಟು ನಾಲ್ಕು ಪಾಲು ಮಾಡಿ ಬಾಯಿಮಾತಲ್ಲಿ ಮುಗಿಸುತ್ತಾರೆ. ತಾಯಿಯ ಪಾಲು ಕಾನೂನಿನಲ್ಲಿ ಅವರದ್ದೇ, ಪೂರ್ತಿ ಸ್ವಂತದ್ದು.

ಎಂಟು ತಿಂಗಳಾದ ಮೇಲೆ ಪಾರ್ವತಿಯಮ್ಮನೂ ಹೋದರು, ಉಯಿಲು ಬರೆಯದೆ. ಅವರ ಗಂಡ ಮೊದಲೇ ಇಲ್ಲ. ಈಗ ಆ 24 ಸೆಂಟ್ಸ್‌ಗೆ ಹೊಸ ಲೆಕ್ಕ, ಅದೂ ಹೆಂಗಸರ ಆಸ್ತಿಯ ನಿಯಮದಲ್ಲಿ. ಅವರ ಮಕ್ಕಳು ಮೂವರು, ಅಂದರೆ ಕವಲಿಗೆ 8 ಸೆಂಟ್ಸ್. ಗೋಪಾಲನಿಗೆ 8, ಲಕ್ಷ್ಮಿಗೆ 8. ಅಣ್ಣನಿಂದ ಏನೂ ಸಿಗದ ತಮ್ಮ ಅಮ್ಮನ ಮೂಲಕ ತೋಟದೊಳಗೆ ಬಂದ! ಶಂಕರಣ್ಣನ ಕವಲಿನ 8 ಬದುಕಿರುವ ಮಕ್ಕಳಾದ ಗಣೇಶ, ಉಷಾರಿಗೆ 4, 4. ಈ ನಿಯಮ ತೀರಿಕೊಂಡ ಮಗನ ಮಕ್ಕಳವರೆಗೆ ಮಾತ್ರ ಇಳಿಯುತ್ತದೆ. ರಾಮನ ಮಕ್ಕಳು ಅಜ್ಜಿಗೆ ಮರಿಮಕ್ಕಳು, ಅವರಿಗೆ ಇದರಲ್ಲಿ ಬರುವುದಿಲ್ಲ. ಸೊಸೆ ಸಾವಿತ್ರಿಗೂ ಇಲ್ಲ.

ಕೊನೆಗೆ ಕೂಡಿ ನೋಡಿ: ಸಾವಿತ್ರಿ 24, ಗಣೇಶ 28, ಉಷಾ 28, ಸುಮಾ ಮತ್ತು ಮಕ್ಕಳು 24, ಗೋಪಾಲ 8, ಲಕ್ಷ್ಮಿ 8. 120 ಆಯಿತು. ಕೂಡಿದಾಗ ಆಸ್ತಿಯಷ್ಟೇ ಬರದಿದ್ದರೆ ಯಾವುದೋ ಕವಲು ಬಿಟ್ಟಿದ್ದೀರಿ.

ತೋಟ ಗಣೇಶನ ಹೆಸರಿಗೇ ಆಗಬೇಕೆಂದರೆ ಉಳಿದವರೆಲ್ಲ ಒಳಿಮುರಿ, ಅಂದರೆ ಹಕ್ಕು ಬಿಟ್ಟ ಪತ್ರ, ರಿಜಿಸ್ಟರ್ ಮಾಡಿಕೊಡಬೇಕು. ಆಮೇಲೆ ವಿಲೇಜ್ ಆಫೀಸಿನಲ್ಲಿ ಪೋಕ್ಕುವರವು, ಅಂದರೆ ದಾಖಲೆಯಲ್ಲಿ ಹೆಸರು ಬದಲಾವಣೆ. ಆದರೆ ಸುಮಾ ತನ್ನ 8 ಬಿಡಬಹುದು, ಮಕ್ಕಳ 16 ಬಿಡಲಾರಳು. 18 ತುಂಬದವರ ಜಾಗಕ್ಕೆ ನ್ಯಾಯಾಲಯದ ಅನುಮತಿ ಬೇಕು. ಸುಮ್ನೆ ತಾಯಿ ಸಹಿ ಹಾಕಿದರೆ, ದೊಡ್ಡವರಾದ ಮೇಲೆ ಆ ಮಕ್ಕಳು ಅದನ್ನು ರದ್ದು ಮಾಡಿಸಬಹುದು.

ಇದೆಲ್ಲ ಉಯಿಲು ಇದ್ದಿದ್ದರೆ ತಪ್ಪುತ್ತಿತ್ತು. ಸ್ವಂತ ಆಸ್ತಿಯನ್ನು ಶಂಕರಣ್ಣ ಯಾರಿಗೆ ಬೇಕಾದರೂ ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ಅವರು ಬರೆದೂ ಇದ್ದರು. ಕಪಾಟಿನಲ್ಲಿ, ಅಡಿಕೆ ಮಾರಿದ ಚೀಟಿಗಳ ಕೆಳಗೆ, ಮಡಚಿದ ಬಿಳಿ ಹಾಳೆ. ಅವರದೇ ಅಕ್ಷರ, ಅವರದೇ ಸಹಿ, ಪಕ್ಕದಲ್ಲಿ ಅಂಗಡಿಯವರೊಬ್ಬರ ಸಾಕ್ಷಿ ಸಹಿ. ಒಬ್ಬರೇ! ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿ ಬೇಕು. ಬರೆದವರು ಸಹಿ ಹಾಕಿದ್ದನ್ನು ಇಬ್ಬರೂ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು. ನಂತರ ಅವರ ಎದುರಿಗೇ ತಾವು ಸಹಿ ಮಾಡಬೇಕು. ಸ್ಟಾಂಪ್ ಪೇಪರ್ ಬೇಡ, ರಿಜಿಸ್ಟರ್ ಕಡ್ಡಾಯವಲ್ಲ. ರಿಜಿಸ್ಟರ್ ಮಾಡಿದ್ದರೂ ತಕರಾರು ಎದ್ದಾಗ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಹಾಗಾಗಿ ನನ್ನ ಮಾತು ಕೇಳುವುದಾದರೆ, ಪಾಲು ಪಡೆಯುವವರನ್ನು ಸಾಕ್ಷಿಗೆ ಕರೆಯಬೇಡಿ. ನಿಮಗಿಂತ ಪ್ರಾಯದಲ್ಲಿ ಸಣ್ಣವರನ್ನು ಕರೆಯಿರಿ. ಹೆಚ್ಚಿನವರು ಜೊತೆಗಾರ ಮುದುಕರನ್ನೇ ಕರೆದುಬಿಡುತ್ತಾರೆ!