ಒಬ್ಬರ ಸೀರೆ ಬಣ್ಣ ಬದಲಿಸುವಾಗ ಪಕ್ಕದವರ ಬಿಳಿ ಅಂಗಿ ನೋಡಿ

ಬಾಗಲಕೋಟೆಯ ನವನಗರದಲ್ಲಿ ಒಂದು ಮನೆಯ ಗೃಹಪ್ರವೇಶದ ಫೋಟೋ ತೆಗೆದಿದ್ದೆ. ಮನೆ ಮುಂದೆ, ಬೆಳಗಿನ ನೆರಳಿನಲ್ಲಿ ಹದಿನಾಲ್ಕು ಜನ. ಕುರ್ಚಿಯಲ್ಲಿ ಅಜ್ಜ, ಅಜ್ಜಿ. ಹಿಂದೆ ನಿಂತ ಸೊಸೆಯಂದಿರೆಲ್ಲ ಮರೂನ್ ಬಣ್ಣದ ಇಳಕಲ್ ಸೀರೆ ಉಟ್ಟಿದ್ದರು. ಸಣ್ಣ ಸೊಸೆ ಮಾತ್ರ ಗಿಳಿ ಹಸಿರು. ಅವರ ಮ್ಯಾಚಿಂಗ್ ಬ್ಲೌಸ್ ಅವತ್ತಿಗೆ ಹೊಲಿದು ಬಂದಿರಲಿಲ್ಲ.

ವಾರ ಕಳೆದ ಮೇಲೆ ಅವರೇ ಸ್ಟುಡಿಯೋಗೆ ಬಂದರು. “ಅಣ್ಣಾರ, ಎಲ್ಲಾರ ನಡುವ ನಾನಷ್ಟ ಬ್ಯಾರೆ ಕಾಣಾಕತ್ತೀನಿ ನೋಡ್ರಿ. ನಮ್ಮ ನೆಗೆಣ್ಣಿ ಸೀರಿ ಬಣ್ಣಾನ ನನಗೂ ಮಾಡಿ ಕೊಡ್ರಿ” ಅಂದರು. ಬಣ್ಣ ಮಾಡಬಹುದು, ಆದರೆ ಇಳಕಲ್ ಸೆರಗಿನ ಟೋಪ ತೆನಿ ನೇಯ್ದು ಕೊಡಲು ಆಗುವುದಿಲ್ಲ ಅಂತ ಮೊದಲೇ ಹೇಳಿದೆ. ಒಪ್ಪಿದರು.

ಇಂಥ ಕೆಲಸದಲ್ಲಿ ಮೊದಲು ಮಾಡಬೇಕಾದ್ದು ಇಡೀ ಫೋಟೋದ ಬಣ್ಣ ಸರಿಪಡಿಸುವುದು. ಸೀರೆ ಆಮೇಲೆ. ಸೀರೆ ಮುಗಿಸಿದ ಮೇಲೆ ವೈಟ್ ಬ್ಯಾಲೆನ್ಸ್ ಮುಟ್ಟಿದರೆ ಉಳಿದ ಹದಿಮೂರು ಜನರ ಮುಖವೂ ಅದರ ಜೊತೆ ಸರಿಯುತ್ತದೆ. ವೈಟ್ ಬ್ಯಾಲೆನ್ಸಿಗೆ ಅಜ್ಜನ ಬಿಳಿ ಬಟ್ಟೆಯನ್ನೇ ಹಿಡಿದೆ. ಆದರೆ ಎಲ್ಲಿ ಕ್ಲಿಕ್ ಮಾಡುತ್ತೇವೆ ಅನ್ನುವುದು ಮುಖ್ಯ. ಹಸಿರು ಸೀರೆ ಅಜ್ಜನ ಬಲ ಭುಜದ ಹಿಂದೆಯೇ ಇತ್ತು, ಅದರ ಬಣ್ಣ ಭುಜದ ಮೇಲೆ ಬಿದ್ದಿತ್ತು. ಅಲ್ಲಿ ಕ್ಲಿಕ್ ಮಾಡಿದಾಗ ಫೋಟೋ ಪೂರ್ತಿ ಗುಲಾಬಿ ಕಡೆಗೆ ಹೋಯಿತು. ಕೆಳಗೆ ಮೊಣಕಾಲಿನ ಹತ್ತಿರದ ಧೋತರ ಹಿಡಿದಾಗ ಸರಿಬಂತು.

ಮೊದಲ ಸಲ ನಾನು ಅವಸರ ಮಾಡಿದೆ. ಫೋಟೋಶಾಪಿನಲ್ಲಿ `Hue/Saturation` ತೆಗೆದು, ಮಾಸ್ಕ್ ಇಲ್ಲದೆ `Greens` ಒಂದನ್ನೇ ತಿರುಗಿಸಿದೆ. ಸೀರೆ ಜೊತೆಗೆ ಬಾಗಿಲ ಮಾವಿನ ತೋರಣವೂ ಕೆಂಪಾಯಿತು. ಅದಕ್ಕಿಂತ ಕೆಟ್ಟದ್ದು, ಹೆಣ್ಣುಮಕ್ಕಳೆಲ್ಲರ ಕೈಯ ಹಸಿರು ಬಳೆ ಕೆಂಪಾದವು. ನಮ್ಮ ಕಡೆ ಮುತ್ತೈದೆಯರ ಕೈಯಲ್ಲಿ ಹಸಿರು ಬಳೆ ಇರಲೇಬೇಕು, ಆ ಫೋಟೋ ಯಾರೂ ಗೋಡೆಗೆ ಹಾಕುವುದಿಲ್ಲ. ಸೀರೆಯಾದರೂ ಪೂರ್ತಿ ಬದಲಾಯಿತಾ ಅಂದರೆ ಅದೂ ಇಲ್ಲ. ಗಿಳಿ ಹಸಿರಿನಲ್ಲಿ ಹಳದಿ ಅಂಶ ಜಾಸ್ತಿ. ಬೆಳಕು ಬಿದ್ದ ಮಡಿಕೆಗಳು ಫೋಟೋಶಾಪಿನ ಲೆಕ್ಕದಲ್ಲಿ `Yellows` ಕಡೆ ಹೋಗಿದ್ದವು, ಅವು ಹಾಗೆಯೇ ಉಳಿದವು.

ಹಾಗಾಗಿ ಪೆನ್ ಟೂಲಿನಿಂದ ಸೀರೆಯ ಅಂಚು ಪೂರ್ತಿ ಕತ್ತರಿಸಿ ಮಾಸ್ಕ್ ಮಾಡಿದೆ. ಬಳೆ, ಬೆರಳು, ತಾಳಿ, ಜರಿ ಅಂಚು, ಎಲ್ಲವನ್ನೂ ಹೊರಗಿಟ್ಟೆ. ಮಾಸ್ಕಿನ ಅಂಚನ್ನು ಒಂದು ಪಿಕ್ಸೆಲ್ಲಿನಷ್ಟು ಮಾತ್ರ ಮೃದು ಮಾಡಿದೆ. ಇದಕ್ಕೇ ಒಂದೂವರೆ ತಾಸು ಹಿಡಿಯಿತು.

ಬೇಕಾದ ಮರೂನ್ ಎಲ್ಲಿಂದ ತರುವುದು? ಪಕ್ಕದಲ್ಲೇ ನಿಂತ ನೆಗೆಣ್ಣಿಯ ಸೀರೆಯಿಂದ. ಅದೇ ಬೆಳಕು, ಅದೇ ನೆರಳು, ಅದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ. ಎರಡೂ ಸೀರೆಗಳ ಮಧ್ಯಮ ಬೆಳಕಿನ ಜಾಗದಲ್ಲಿ ಓದಿದೆ. ಹಸಿರಿನ ಹ್ಯೂ ಸುಮಾರು 110, ಮರೂನ್‌ದು 350. ಬಣ್ಣದ ಚಕ್ರ 360ಕ್ಕೆ ಮುಗಿಯುವುದರಿಂದ 110ರಿಂದ 120 ಹಿಂದಕ್ಕೆ ಹೋದರೆ 350 ಬರುತ್ತದೆ. `Hue` -120 ಕೊಟ್ಟೆ. ಬಣ್ಣ ಬಂತು, ಆದರೆ ಬ್ರೈಟ್‌ನೆಸ್ ಇನ್ನೂ 65ರ ಹತ್ತಿರ ಇತ್ತು. ನೆಗೆಣ್ಣಿಯ ಸೀರೆಯದು 45. ಇಲ್ಲಿ `Lightness` ಎಳೆಯಬೇಡಿ, ಮಡಿಕೆಗಳ ಮಿಂಚೂ ಮಂಕಾಗಿ ಬಟ್ಟೆ ಸಪ್ಪೆಯಾಗುತ್ತದೆ. ಅದೇ ಮಾಸ್ಕಿನ ಮೇಲೆ `Curves` ಹಾಕಿ ನಡುಭಾಗ ಮಾತ್ರ ಕೆಳಗಿಳಿಸಿದೆ. ಹಾಗೆ ಇಳಿಸಿದಾಗ ಬಣ್ಣ ಗಾಢವಾಗುತ್ತದೆ, ಅದಕ್ಕೆ ಸ್ಯಾಚುರೇಷನ್ ಸ್ವಲ್ಪ ಕಡಿಮೆ ಮಾಡಿದೆ.

ಮರೂನ್ ಬಣ್ಣದ ಲೇಯರ್ ಹಾಕಿ `Color` ಮೋಡ್ ಕೊಟ್ಟರೆ ಬೇಗ ಆಗುತ್ತದೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಗ ಆಗುತ್ತದೆ ನಿಜ. ಆದರೆ ರೇಷ್ಮೆಯಂಥ ಬಟ್ಟೆಯ ಮಡಿಕೆ ತುದಿಯಲ್ಲಿ ಹೊಳಪು ಬೆಳ್ಳಗಿರುತ್ತದೆ. ಆ ಮೋಡ್ ಬೆಳ್ಳಗಿದ್ದದ್ದಕ್ಕೂ ಬಣ್ಣ ಬಳಿದು ಗುಲಾಬಿ ಮಾಡುತ್ತದೆ, ಸೀರೆ ಪ್ಲಾಸ್ಟಿಕ್ ಹಾಳೆಯ ಹಾಗೆ ಕಾಣುತ್ತದೆ. `Hue/Saturation` ಇದ್ದ ಬಣ್ಣವನ್ನಷ್ಟೇ ತಿರುಗಿಸುತ್ತದೆ, ಬಿಳಿ ಹೊಳಪನ್ನು ಬಿಟ್ಟುಬಿಡುತ್ತದೆ.

ಮಾಸ್ಕ್ ಎಲ್ಲಿ ತಪ್ಪಿದೆ ಅನ್ನುವುದನ್ನು ಬಣ್ಣವೇ ಹೇಳುತ್ತದೆ. ದೊಡ್ಡದು ಮಾಡಿ ಅಂಚಿನುದ್ದಕ್ಕೂ ನೋಡಿದೆ. ಹಸಿರು ಗೆರೆ ಕಂಡರೆ ಮಾಸ್ಕ್ ಒಳಗೆ ಸರಿದಿದೆ ಅಂತ. ಬೆರಳಿನ ಬದಿ ನೀಲಿ ಛಾಯೆ ಕಂಡರೆ ಮಾಸ್ಕ್ ಮೈ ಮೇಲೆ ಹತ್ತಿದೆ ಅಂತ, ಯಾಕೆಂದರೆ ಚರ್ಮದ ಕೇಸರಿ ಅಷ್ಟೇ ತಿರುಗಿದರೆ ನೀಲಿಗೆ ಹೋಗುತ್ತದೆ. ಜರಿ ನೇರಳೆಯಾಗಿದ್ದರೂ ಅದೇ ಕಾರಣ.

ಇಷ್ಟಾದ ಮೇಲೂ ಫೋಟೋದಲ್ಲಿ ಏನೋ ಸರಿಯಿಲ್ಲ ಅನಿಸುತ್ತಿತ್ತು. ಸೀರೆ ಚೆನ್ನಾಗಿತ್ತು, ಆದರೆ ಅಂಟಿಸಿದ ಹಾಗೆ ಕಾಣುತ್ತಿತ್ತು. ಕಾರಣ ಅಜ್ಜನ ಭುಜ. ಹಿಂದೆ ಮರೂನ್ ಸೀರೆ, ಮುಂದೆ ಬಿಳಿ ಅಂಗಿಯ ಮೇಲೆ ಹಸಿರು ಛಾಯೆ. ಗಾಂಧಿ ಟೋಪಿಯ ಒಂದು ಬದಿಯಲ್ಲೂ ಅದೇ. ಬೇರೆಯವರ ಬಣ್ಣ ಮುಟ್ಟಬಾರದು ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಆ ಹಸಿರು ಅಜ್ಜನದಲ್ಲ, ಸೀರೆಯದು. ಸೀರೆ ಬದಲಾದರೆ ಅದೂ ಬದಲಾಗಬೇಕು.

ಅಂಗಿ ಮತ್ತು ಟೋಪಿಗೆ ಇನ್ನೊಂದು `Hue/Saturation` ಲೇಯರ್ ಹಾಕಿ, `Greens` ಸ್ಯಾಚುರೇಷನ್ ಇಳಿಸಿ, ಮಾಸ್ಕ್ ಕಪ್ಪು ಮಾಡಿ, ಮೃದು ಬ್ರಷ್ಷಿನಿಂದ ಛಾಯೆ ಬಿದ್ದ ಕಡೆ ಮಾತ್ರ ತೆರೆದೆ. ಆಮೇಲೆ `Color` ಮೋಡಿನ ಲೇಯರಿನಲ್ಲಿ ಅದೇ ಮರೂನ್ ತೆಗೆದುಕೊಂಡು ಭುಜದ ಮೇಲೆ ಸುಮಾರು ಆರು ಪರ್ಸೆಂಟಿನಷ್ಟು ಸವರಿದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆದರೆ ಅದನ್ನು ಆಫ್ ಮಾಡಿದರೆ ಸೀರೆ ಮತ್ತೆ ಅಂಟಿಸಿದ ಹಾಗೆ ಕಾಣುತ್ತದೆ. ಸೊಸೆಯ ಗದ್ದದ ಕೆಳಗೂ ಹಸಿರು ಬಿದ್ದಿತ್ತು. ಚರ್ಮದ ಮೇಲೆ ಅದು ಹಳದಿಯಾಗಿ ಕಾಣುತ್ತದೆ, `Greens` ಅದನ್ನು ಹಿಡಿಯುವುದಿಲ್ಲ. ಅವರದೇ ಕೆನ್ನೆಯ ಬಣ್ಣ ತೆಗೆದು ಅಲ್ಲಿ ತೆಳುವಾಗಿ ಸವರಿದೆ.

ಉಳಿದವರು ನಿಜವಾಗಿಯೂ ಬದಲಾಗಿಲ್ಲ ಅಂತ ಕಣ್ಣಿನಿಂದ ಹೇಳಲು ಆಗುವುದಿಲ್ಲ. ಬಣ್ಣ ಸರಿಪಡಿಸಿದ ಮೂಲ ಲೇಯರಿನ ನಕಲನ್ನು ಎಲ್ಲದರ ಮೇಲೆ ಇಟ್ಟು `Difference` ಮೋಡ್ ಕೊಟ್ಟೆ. ಬದಲಾಗದ ಜಾಗ ಅಚ್ಚ ಕಪ್ಪಾಗಿ ಕಾಣುತ್ತದೆ. ಸಣ್ಣ ವ್ಯತ್ಯಾಸವೂ ಕಾಣಲಿ ಅಂತ ಅದರ ಮೇಲೆ `Levels` ಹಾಕಿ ಬಿಳಿ ತುದಿಯನ್ನು 20ರವರೆಗೆ ಎಳೆದೆ. ಸೀರೆ, ಭುಜ, ಟೋಪಿ, ಗದ್ದ ಹೊಳೆದವು, ಅವು ಸರಿ. ಆದರೆ ಪಕ್ಕದ ಹುಡುಗನ ತೋಳಿನ ಮೇಲೂ ಒಂದು ಮಚ್ಚೆ ಹೊಳೆಯಿತು. ಬ್ರಷ್ ಜಾರಿತ್ತು. ಆ ಜಾಗದಲ್ಲಿ ಮಾಸ್ಕನ್ನು ಮತ್ತೆ ಕಪ್ಪು ಮಾಡಿದೆ.

ಇದನ್ನು ಕ್ಯಾಮೆರಾದ ಮೂಲ ಫೈಲಿನಲ್ಲೇ ಮಾಡಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ ಕುಗ್ಗಿರುತ್ತದೆ, ಜೊತೆಗೆ ಬಣ್ಣದ ವಿವರ ಚೌಕ ಚೌಕವಾಗಿ ಉಳಿದಿರುತ್ತದೆ. ಹಸಿರು ಅಂಚು ದಾಟಿ ಕೈ ಮೇಲೆ ಹರಿದಿರುತ್ತದೆ, ಎಷ್ಟು ಚೆನ್ನಾಗಿ ಮಾಸ್ಕ್ ಮಾಡಿದರೂ ಅದು ಹೋಗುವುದಿಲ್ಲ. ಅಂಥದ್ದನ್ನು ನಾನು ಒಪ್ಪಿಕೊಳ್ಳುವುದಿಲ್ಲ.

12×18 ಪ್ರಿಂಟಿಗೆ ಕಳಿಸುವ ಮುಂಚೆ ಸೀರೆ ಮತ್ತು ಅಜ್ಜನ ಭುಜ ಇರುವ ಒಂದು ಪಟ್ಟಿಯನ್ನಷ್ಟೇ ಪ್ರಿಂಟ್ ಹಾಕಿಸಿದೆ. ಮರೂನ್ ಕಾಗದದ ಮೇಲೆ ಇನ್ನೂ ಕಪ್ಪಾಗಿ ಬಂದಿತ್ತು, ಒಳಮಡಿಕೆಗಳು ಒಂದರೊಳಗೊಂದು ಸೇರಿಹೋಗಿದ್ದವು. ನೆಗೆಣ್ಣಿಯ ಸೀರೆಯ ಮಡಿಕೆಗಳು ಮಾತ್ರ ಕಾಣುತ್ತಿದ್ದವು. ಅಂದರೆ ತಪ್ಪು ಪ್ರಿಂಟಿನದಲ್ಲ, ನನ್ನ `Curves` ನೆರಳನ್ನು ಜಾಸ್ತಿ ಇಳಿಸಿತ್ತು. ನೆರಳಿನ ತುದಿಯನ್ನು ಸ್ವಲ್ಪ ಎತ್ತಿ ಎರಡನೇ ಪಟ್ಟಿ ಹಾಕಿಸಿದೆ. ಎರಡೂ ಸೀರೆಗಳ ಮಡಿಕೆ ಒಂದೇ ಥರ ಕಂಡ ಮೇಲೆ ದೊಡ್ಡ ಪ್ರಿಂಟ್ ಹೊಡೆಸಿದೆ.