ಫೋಟೋದಲ್ಲಿರುವ ಡ್ರಾಯಿಂಗ್‌ನಲ್ಲಿ h ಮತ್ತು H ಗುರುತಿಸುವ ಬಗೆ

ಮೊಬೈಲಿನಲ್ಲಿ ತೆಗೆದ ಡ್ರಾಯಿಂಗ್ ಫೋಟೋ ನೋಡಿ ಲೇತ್‌ನಲ್ಲಿ ಶಾಫ್ಟ್ ತಿರುವುವ ಟ್ರೇನಿಗಳಿಗೆ ನಾನು ಮೊದಲು ತೋರಿಸುವುದು ⌀25 h7 ಎಂಬ ಅಳತೆಯನ್ನು. ಇಲ್ಲಿ ಸಣ್ಣ h ಶಾಫ್ಟ್‌ಗೆ, ದೊಡ್ಡ H ರಂಧ್ರಕ್ಕೆ ಸಂಬಂಧಿಸಿದ್ದು. 7 ಎಂಬುದು ಟಾಲರೆನ್ಸ್‌ನ, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸದ ದರ್ಜೆ. 25 ಮಿ.ಮೀ. ವ್ಯಾಸಕ್ಕೆ ಈ ದರ್ಜೆಯ ಅಗಲ 0.021 ಮಿ.ಮೀ. ಆದ್ದರಿಂದ h7 ಶಾಫ್ಟ್ 24.979ರಿಂದ 25.000ರವರೆಗೆ ಇರಬಹುದು, H7 ರಂಧ್ರವಾದರೆ 25.000ರಿಂದ 25.021ರವರೆಗೆ.

ಫೋಟೋ ಮಸುಕಾಗಿದ್ದಾಗ ಒಬ್ಬ ಹುಡುಗ ಇದನ್ನು H7 ಎಂದು ಓದಿ ಶಾಫ್ಟನ್ನು 25.015ಕ್ಕೆ ನಿಲ್ಲಿಸಿದ್ದ. ಶಾಫ್ಟ್ ಬುಷ್‌ನೊಳಗೆ ಹೋಗಲಿಲ್ಲ. ಅಳತೆ ಹೆಚ್ಚಿದ್ದುದರಿಂದ ಇನ್ನೊಂದು ಸಣ್ಣ ಕಟ್ ಕೊಟ್ಟು ಸರಿಪಡಿಸಲಾಯಿತು. ಕಡಿಮೆಯಾಗಿದ್ದರೆ ಪೀಸ್ ಗುಜರಿಗೇ ಹೋಗುತ್ತಿತ್ತು. ಅಕ್ಷರ ಸ್ಪಷ್ಟವಿಲ್ಲದಿದ್ದರೆ ಆ ಅಳತೆ ಹೊರಮೈಯದೋ ರಂಧ್ರದ್ದೋ ಎಂದು ಚಿತ್ರದಲ್ಲೇ ನೋಡಿ ಊಹೆಯನ್ನು ತಾಳೆ ಹಾಕಬಹುದು, ಆದರೂ ಮೂಲ ಹಾಳೆ ಕೇಳಿಯೇ ಟೂಲ್ ತಾಗಿಸಿ.

ಪಕ್ಕದ ಚೌಕಟ್ಟಿನಲ್ಲಿ ಓರೆ ಬಾಣ, 0.02, A ಎಂದಿದ್ದರೆ ಅದು ರನ್‌ಔಟ್: ಡ್ರಾಯಿಂಗ್‌ನಲ್ಲಿ A ಎಂದು ಗುರುತಿಸಿದ ಅಕ್ಷದ ಮೇಲೆ ಪೀಸನ್ನು ಒಂದು ಸುತ್ತು ತಿರುಗಿಸಿದಾಗ ಡಯಲ್‌ನ ಮುಳ್ಳಿನ ಒಟ್ಟು ಓಡಾಟ 0.02 ಮಿ.ಮೀ. ಮೀರಬಾರದು. ಫೋಟೋದ ಮೇಲೆ ಸ್ಕೇಲ್ ಇಟ್ಟು ಅಳೆಯುವುದಂತೂ ಬೇಡವೇ ಬೇಡ.