ಕ್ಲೌಡ್ ಲೆಕ್ಕದ ಆಡಿಟ್: ಸರ್ವಿಸ್ ಕಂಪನಿಯ ರಿಪೋರ್ಟನ್ನು ಎಷ್ಟು ನಂಬಬೇಕು?

ಬೇರೆಯವರು ಮಾಡಿದ ಆಡಿಟ್ ಫೈಲುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಕ್ಲೈಂಟ್‌ನ ಲೆಕ್ಕ ಕ್ಲೌಡ್‌ನಲ್ಲಿದ್ದರೆ ಫೈಲಿನಲ್ಲಿ ಒಂದು ದಪ್ಪ ಪಿಡಿಎಫ್ ಇದ್ದೇ ಇರುತ್ತದೆ. ಸಾಫ್ಟ್‌ವೇರ್ ನಡೆಸುವ ಸರ್ವಿಸ್ ಕಂಪನಿ ಕೊಟ್ಟ ಸಾಕ್ 1 ರಿಪೋರ್ಟ್ ಅದು. ಆ ಕಂಪನಿಯ ಕಂಟ್ರೋಲ್‌ಗಳನ್ನು, ಅಂದರೆ ಲೆಕ್ಕದಲ್ಲಿ ತಪ್ಪಾಗದಂತೆ ತಡೆಯುವ ಏರ್ಪಾಡುಗಳನ್ನು, ಹೊರಗಿನ ಆಡಿಟರ್ ಒಬ್ಬರು ನೋಡಿ ಅಭಿಪ್ರಾಯ ಬರೆದಿರುತ್ತಾರೆ. ಪಕ್ಕದಲ್ಲಿ ಒಂದೇ ಸಾಲು: ‘ರಿಪೋರ್ಟ್ ಪಡೆದಿದ್ದೇವೆ, ಅಭಿಪ್ರಾಯ ಕ್ಲೀನ್ ಇದೆ.’ ಮೊದಲ ನಾಲ್ಕು ಪುಟ ಓದಿ ಮುಚ್ಚಿಟ್ಟಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ನಮ್ಮ ಆಡಿಟ್‌ಗೆ ಬೇಕಾದ್ದು ಇರುವುದು ಆಮೇಲಿನ ಪುಟಗಳಲ್ಲಿ.

ಉದಾಹರಣೆಗೆ ಒಂದು ವ್ಯಾಪಾರಿ ಕಂಪನಿ. ಸುಮಾರು 180 ಜನ ಸಿಬ್ಬಂದಿ. ಲೆಕ್ಕದ ವರ್ಷ 2024ರ ಜನವರಿಯಿಂದ ಡಿಸೆಂಬರ್. ವೆಂಡರ್ ಬಿಲ್ ನಮೂದು, ಅನುಮೋದನೆ, ಪಾವತಿ ಎಲ್ಲವೂ ಕ್ಲೌಡ್ ಸಾಫ್ಟ್‌ವೇರ್‌ನಲ್ಲೇ. ಈ ಖರೀದಿ ಲೆಕ್ಕವನ್ನೇ ಹಿಡಿದು ಮುಂದೆ ಹೋಗೋಣ.

1. ರಿಪೋರ್ಟ್ ಬೇಕೇ ಎಂದು ಮೊದಲು ಕೇಳಿಕೊಳ್ಳಿ

ಎಲ್ಲ ಕ್ಲೌಡ್ ಲೆಕ್ಕಕ್ಕೂ ಈ ರಿಪೋರ್ಟ್ ಬೇಕಾಗುವುದಿಲ್ಲ. ವರ್ಷಕ್ಕೆ 200 ಬಿಲ್ ಇದ್ದು, ಅವನ್ನೆಲ್ಲ ಕಾಗದದ ಜೊತೆ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಹೋಲಿಸಿ ನೋಡಲು ಆಗುತ್ತದೆ ಅಂದರೆ ಹಾಗೇ ಮಾಡಿ. ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡರೆ ಸಾಕು. ನಮ್ಮ ಉದಾಹರಣೆಯ ಕಂಪನಿಯಲ್ಲಿ ಬಿಲ್‌ಗಳು ಸಾವಿರಾರು. ಖರೀದಿ ಆದೇಶ, ಸರಕು ಬಂದ ರಸೀದಿ, ಬಿಲ್ ಈ ಮೂರೂ ತಾಳೆಯಾಗದಿದ್ದರೆ ಸಾಫ್ಟ್‌ವೇರೇ ಪಾವತಿ ತಡೆಯುತ್ತದೆ. ಆ ತಡೆಯ ಮೇಲೆ ಭಾರ ಹಾಕಬೇಕು ಅಂದರೆ ಅದು ವರ್ಷವಿಡೀ ಸರಿಯಾಗಿ ನಡೆದದ್ದಕ್ಕೆ ಸಾಕ್ಷಿ ಬೇಕು. ಸರ್ವಿಸ್ ಕಂಪನಿ ಬಳಸುವವರ ಆಡಿಟ್‌ಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಎ 402 ಕೇಳುವುದೂ ಇದನ್ನೇ.

2. ಸರಿಯಾದ ರಿಪೋರ್ಟ್ ತರಿಸಿ

ಬೇಕಾದ್ದು ಸಾಕ್ 1, ಟೈಪ್ 2. ಇಂಥ ರಿಪೋರ್ಟಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಎಇ 3402 ಪ್ರಕಾರ ಕೊಟ್ಟ ಟೈಪ್ 2 ರಿಪೋರ್ಟ್ ಆದರೂ ಆಗುತ್ತದೆ. ಟೈಪ್ 2ರಲ್ಲಿ ಕಂಟ್ರೋಲ್‌ಗಳು ಒಂದು ಅವಧಿಯುದ್ದಕ್ಕೂ ನಡೆದವೇ ಎಂದು ಪರೀಕ್ಷಿಸಿರುತ್ತಾರೆ. ಟೈಪ್ 1 ಒಂದು ದಿನದ ಚಿತ್ರ ಮಾತ್ರ. ಆ ದಿನ ಕಂಟ್ರೋಲ್ ಇತ್ತು ಎನ್ನುತ್ತದೆ, ವರ್ಷವಿಡೀ ನಡೆಯಿತು ಎನ್ನುವುದಿಲ್ಲ. ಸಾಕ್ 2 ಒಳ್ಳೆಯ ರಿಪೋರ್ಟೇ, ಆದರೆ ಅದನ್ನು ಬರೆಯುವುದು ಭದ್ರತೆ, ಗೌಪ್ಯತೆ ಇಂಥವನ್ನು ನೋಡಿ. ಕ್ಲೈಂಟ್‌ಗಳ ಹಣಕಾಸು ವರದಿಯನ್ನು ಗುರಿಯಾಗಿಟ್ಟುಕೊಂಡು ಅಲ್ಲ. ಸಾಕ್ 3ರಲ್ಲಿ ಪರೀಕ್ಷೆಯ ವಿವರವೇ ಇರುವುದಿಲ್ಲ. ಮಾಹಿತಿ ಭದ್ರತೆಯ ಐಎಸ್‌ಒ 27001 ಪ್ರಮಾಣಪತ್ರ ಕಳಿಸಿ ‘ಇದೇ ಸಾಕು’ ಎನ್ನುವ ಸರ್ವಿಸ್ ಕಂಪನಿಗಳಿವೆ. ಒಪ್ಪಬೇಡಿ. ಯಾವ ಕಂಟ್ರೋಲನ್ನು ಹೇಗೆ ಪರೀಕ್ಷಿಸಿದರು, ಏನು ಸಿಕ್ಕಿತು ಎನ್ನುವುದು ಅದರಲ್ಲಿ ಇರುವುದಿಲ್ಲ.

ರಿಪೋರ್ಟ್ ಕೊಟ್ಟ ಆಡಿಟರ್ ಯಾರು, ಆ ಕೆಲಸಕ್ಕೆ ಅರ್ಹರೇ, ಸರ್ವಿಸ್ ಕಂಪನಿಯಿಂದ ಸ್ವತಂತ್ರರೇ ಎಂದೂ ವಿಚಾರಿಸಿ ಬರೆದಿಡಿ.

3. ತಾರೀಕು ನೋಡಿ

ನಮಗೆ ಸಿಕ್ಕ ರಿಪೋರ್ಟ್ 2023ರ ಅಕ್ಟೋಬರ್ 1ರಿಂದ 2024ರ ಸೆಪ್ಟೆಂಬರ್ 30ರವರೆಗಿನದು. ನಮ್ಮ ವರ್ಷದ 9 ತಿಂಗಳು ಅದರೊಳಗೆ ಬಂತು, ಕೊನೆಯ 3 ತಿಂಗಳು ಹೊರಗೆ ಉಳಿಯಿತು. ಆ ಖಾಲಿ ಜಾಗಕ್ಕೆ ಸರ್ವಿಸ್ ಕಂಪನಿ ‘ಬ್ರಿಡ್ಜ್ ಲೆಟರ್’ ಕೊಡುತ್ತದೆ, ರಿಪೋರ್ಟ್ ಮುಗಿದ ಮೇಲೆ ಕಂಟ್ರೋಲ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿದೆಯೇ ಎಂದು ಹೇಳುವ ಪತ್ರ. ಅದಕ್ಕೆ ಸಹಿ ಹಾಕುವುದು ಅವರ ಆಡಳಿತವೇ, ಆಡಿಟರ್ ಅಲ್ಲ ಎಂಬುದು ನೆನಪಿರಲಿ. 3 ತಿಂಗಳಿಗಾದರೆ ಪತ್ರ ತೆಗೆದುಕೊಂಡು, ಜೊತೆಗೆ ಡಿಸೆಂಬರ್‌ನಲ್ಲಿ ನಾವೇ ಒಂದು ಪರೀಕ್ಷೆ ಮಾಡುತ್ತೇವೆ. 6 ತಿಂಗಳಿಗೆ ಬರೀ ಪತ್ರದ ಮೇಲೆ ನಾನಂತೂ ಸಹಿ ಹಾಕುವುದಿಲ್ಲ.

4. ಲೋಪಗಳ ಪಟ್ಟಿ ಓದಿ

ಅಭಿಪ್ರಾಯ ಕ್ಲೀನ್ ಇದ್ದರೂ ಒಳಗೆ ಲೋಪಗಳು ಇರಬಹುದು. ಕಂಟ್ರೋಲ್ ಗುರಿ ಒಟ್ಟಾರೆ ಈಡೇರಿದೆ ಎಂದು ಅವರ ಆಡಿಟರ್‌ಗೆ ಅನಿಸಿದರೆ ಅಭಿಪ್ರಾಯ ಬದಲಾಗುವುದಿಲ್ಲ. ನಮಗೆ ಅದು ಸಣ್ಣದೋ ದೊಡ್ಡದೋ ಎಂದು ನಾವೇ ನಿರ್ಧರಿಸಬೇಕು.

ನಮ್ಮ ರಿಪೋರ್ಟಿನಲ್ಲಿ ಹೀಗಿತ್ತು: ಸಾಫ್ಟ್‌ವೇರ್ ಬದಲಾವಣೆಗಳಲ್ಲಿ 25 ಸ್ಯಾಂಪಲ್ ನೋಡಿದರು, 2ಕ್ಕೆ ಮೊದಲೇ ಅನುಮೋದನೆ ಪಡೆದ ದಾಖಲೆ ಇಲ್ಲ. ಕೆಳಗೆ ಸರ್ವಿಸ್ ಕಂಪನಿಯ ಉತ್ತರ: ಅನುಮೋದನೆ ಬಾಯಿಮಾತಿನಲ್ಲಿ ಆಗಿತ್ತು, ಈಗ ಸರಿಪಡಿಸಿದ್ದೇವೆ. ಈ ಉತ್ತರವನ್ನು ಅವರ ಆಡಿಟರ್ ಪರೀಕ್ಷಿಸಿರುವುದಿಲ್ಲ. ಅದನ್ನೇ ಸಮಾಧಾನ ಅಂತ ಫೈಲಿಗೆ ನಕಲು ಮಾಡಿದವರನ್ನು ಬಹಳ ನೋಡಿದ್ದೇನೆ.

ಕೇಳಬೇಕಾದ ಪ್ರಶ್ನೆ: ಆ ಎರಡು ಬದಲಾವಣೆ ಯಾವ ಭಾಗದಲ್ಲಿ ಆದವು? ಕ್ಲೈಂಟ್ ಮೂಲಕ ಪತ್ರ ಬರೆದೆವು. ಒಂದು ನಾವು ಬಳಸದ ಭಾಗದ್ದು. ಇನ್ನೊಂದು ಮೇ ತಿಂಗಳಲ್ಲಿ ಬಿಲ್ ತಾಳೆ ನೋಡುವ ಪರದೆಯಲ್ಲೇ ಆಗಿತ್ತು. ಸಾಫ್ಟ್‌ವೇರ್ ಒಮ್ಮೆ ಸರಿ ಮಾಡಿದರೆ ಯಾವಾಗಲೂ ಸರಿ ಮಾಡುತ್ತದೆ ಎಂದು ನಾವು ಒಂದೆರಡು ಸಲ ಪರೀಕ್ಷಿಸಿ ಬಿಡುವುದುಂಟು. ಬದಲಾವಣೆಗಳು ಹತೋಟಿಯಲ್ಲಿ ಇದ್ದಾಗ ಮಾತ್ರ ಆ ಮಾತು ನಿಲ್ಲುತ್ತದೆ. ಇಲ್ಲಿ ಅದೇ ಸಡಿಲವಾಗಿತ್ತು. ಆದ್ದರಿಂದ ಮೇಗೆ ಮೊದಲಿನ ಕೆಲವು ಬಿಲ್, ಆಮೇಲಿನ 15 ಬಿಲ್ ತೆಗೆದು ಆದೇಶ, ರಸೀದಿಗಳ ಜೊತೆ ಕೈಯಾರೆ ತಾಳೆ ನೋಡಿದೆವು. ಡಿಸೆಂಬರ್‌ನಲ್ಲಿ ಕ್ಲೈಂಟ್‌ನ ಟೆಸ್ಟ್ ವ್ಯವಸ್ಥೆಯಲ್ಲಿ, ಆದೇಶದ ದರಕ್ಕಿಂತ 10% ಜಾಸ್ತಿ ದರದ ಒಂದು ಬಿಲ್ ಹಾಕಿಸಿದೆವು. ವ್ಯವಸ್ಥೆ ತಡೆಯಿತು. ಕೊನೆಯ 3 ತಿಂಗಳಿಗೆ ಬೇಕಿದ್ದ ನಮ್ಮ ಪರೀಕ್ಷೆಯೂ ಇದರಲ್ಲೇ ಆಯಿತು. ಟೆಸ್ಟ್ ವ್ಯವಸ್ಥೆಯ ಸೆಟ್ಟಿಂಗೂ ನಿಜವಾದದ್ದರ ಸೆಟ್ಟಿಂಗೂ ಒಂದೇ ಇದೆಯೇ ಎಂದು ಮೊದಲೇ ಎರಡರ ಪರದೆ ಪಕ್ಕಪಕ್ಕ ಇಟ್ಟು ನೋಡಿ. ಇಲ್ಲದಿದ್ದರೆ ಆ ಪರೀಕ್ಷೆಗೆ ಅರ್ಥವಿಲ್ಲ.

5. ಕ್ಲೈಂಟ್ ಮಾಡಬೇಕಾದ ಕೆಲಸಗಳ ಪಟ್ಟಿ

ಜನ ಎಡವುವುದು ಇಲ್ಲೇ. ರಿಪೋರ್ಟಿನಲ್ಲಿ ವ್ಯವಸ್ಥೆಯ ವಿವರಣೆಯ ಕೊನೆಯಲ್ಲೋ, ಪ್ರತಿ ಕಂಟ್ರೋಲ್ ಗುರಿಯ ಕೆಳಗೋ ಒಂದು ಪಟ್ಟಿ ಇರುತ್ತದೆ. ಆಡಿಟರ್‌ಗಳು ಇದಕ್ಕೆ ಸಿಯುಇಸಿ ಎನ್ನುತ್ತಾರೆ. ‘ಈ ಕೆಲಸಗಳನ್ನು ಬಳಕೆದಾರ ಕಂಪನಿ ಮಾಡುತ್ತದೆ ಎಂದು ನಂಬಿ ನಮ್ಮ ಕಂಟ್ರೋಲ್ ರೂಪಿಸಿದ್ದೇವೆ’ ಎಂಬುದು ಅದರ ಅರ್ಥ. ಅಂದರೆ ಬೀಗ ಅವರು ಕೊಟ್ಟಿದ್ದಾರೆ, ಬೀಗದ ಕೈ ಯಾರ ಬಳಿ ಇದೆ ಅಂತ ನೋಡಿಕೊಳ್ಳಬೇಕಾದವರು ಕ್ಲೈಂಟ್. ಆ ಭಾಗವನ್ನು ರಿಪೋರ್ಟ್ ಪರೀಕ್ಷಿಸಿರುವುದೇ ಇಲ್ಲ.

ನಮ್ಮ ಪಟ್ಟಿಯಲ್ಲಿ 14 ಇದ್ದವು. 14ನ್ನೂ ಪರೀಕ್ಷಿಸಬೇಕಿಲ್ಲ. ಖರೀದಿ ಲೆಕ್ಕಕ್ಕೆ ಸಂಬಂಧಿಸಿದ್ದು 6. ಅದರಲ್ಲಿ ಒಂದು: ಕೆಲಸ ಬಿಟ್ಟವರ ಲಾಗಿನ್ ಕೂಡಲೇ ಮುಚ್ಚುವುದು. ಹೀಗೆ ನೋಡಿದೆವು.

ಮೊದಲು ವರ್ಷದಲ್ಲಿ ಕೆಲಸ ಬಿಟ್ಟವರ ಪಟ್ಟಿಯನ್ನು ಸಿಬ್ಬಂದಿ ವಿಭಾಗದಿಂದ ತೆಗೆದುಕೊಂಡೆವು, ಲೆಕ್ಕದ ವಿಭಾಗದಿಂದ ಅಲ್ಲ. 23 ಹೆಸರು. ಆಮೇಲೆ ಬಳಕೆದಾರರ ಪಟ್ಟಿ. ಇದನ್ನು ಇಮೇಲ್‌ನಲ್ಲಿ ತರಿಸಬೇಡಿ. ಅಡ್ಮಿನ್ ಪಕ್ಕದಲ್ಲಿ ಕೂತು, ಅವರು ಪರದೆಯಲ್ಲಿ ಯಾವ ಫಿಲ್ಟರ್ ಹಾಕಿದ್ದಾರೆ ಎಂದು ಕಣ್ಣಾರೆ ನೋಡಿ, ಪರದೆಯ ಸಾಲುಗಳ ಲೆಕ್ಕವೂ ಫೈಲಿನ ಸಾಲುಗಳ ಲೆಕ್ಕವೂ ಒಂದೇ ಎಂದು ಖಚಿತ ಮಾಡಿಕೊಳ್ಳಿ. ಲಾಗಿನ್ ಹೆಸರು, ಪಾತ್ರ, ಸ್ಥಿತಿ, ಕೊನೆಯ ಲಾಗಿನ್ ತಾರೀಕು, ಈ ನಾಲ್ಕು ಕಾಲಂ ಬೇಕೇ ಬೇಕು.

ಎರಡೂ ಪಟ್ಟಿ ಹೋಲಿಸಿದಾಗ ಇಬ್ಬರ ಲಾಗಿನ್ ಇನ್ನೂ ತೆರೆದಿತ್ತು. ಒಬ್ಬರು ಬಿಟ್ಟ ಮೇಲೆ ಆ ಲಾಗಿನ್‌ನಿಂದ ಯಾರೂ ಒಳಗೆ ಹೋಗಿಲ್ಲ. ಇನ್ನೊಬ್ಬರು ಜೂನ್ 14ಕ್ಕೆ ಬಿಟ್ಟಿದ್ದರು, ಅವರ ಕೊನೆಯ ಲಾಗಿನ್ ಜುಲೈ 9! ಕೇಳಿದಾಗ ಲೆಕ್ಕದ ವಿಭಾಗದ ಮುಖ್ಯಸ್ಥರು ಸಹಜವಾಗಿಯೇ ಹೇಳಿದರು: ‘ಅವರ ಜಾಗಕ್ಕೆ ಬಂದವರು ಬಳಸ್ತಿದ್ರು ಸಾರ್, ಅನುಮೋದನೆಯ ಹಕ್ಕು ಇನ್ನೂ ಅವರ ಐಡಿಗೆ ಬಂದಿರಲಿಲ್ಲ.’

ಇಲ್ಲಿಗೆ ‘ಲೋಪ ಇದೆ’ ಎಂದು ಬರೆದು ನಿಲ್ಲಿಸಬೇಡಿ. ಆ ಹೊಸಬರಿಗೆ ಬಿಲ್ ನಮೂದಿಸಲು ಸ್ವಂತ ಐಡಿ ಇತ್ತು. ಅನುಮೋದಿಸಲು ಹಳಬರ ಐಡಿಯೂ ಕೈಯಲ್ಲಿತ್ತು. ಒಬ್ಬರು ಬರೆಯಬೇಕು, ಇನ್ನೊಬ್ಬರು ಒಪ್ಪಬೇಕು ಎಂಬ ನಿಯಮ ಅಷ್ಟು ದಿನ ಇರಲೇ ಇಲ್ಲ ಎಂದಾಯಿತು. ಸರ್ವಿಸ್ ಕಂಪನಿಯ ಕಂಟ್ರೋಲ್‌ನಲ್ಲಿ ತಪ್ಪಿಲ್ಲ. ಅದು ಎರಡು ಬೇರೆ ಐಡಿ ನೋಡಿತು, ಬಿಟ್ಟಿತು.

ಆ ಐಡಿಯ ಆಡಿಟ್ ಲಾಗ್ ಇಳಿಸಿದೆವು. ಜೂನ್ 14ರ ನಂತರ 6 ಬಿಲ್‌ಗಳನ್ನು ಹೊಸಬರೇ ನಮೂದಿಸಿ, ಹಳಬರ ಐಡಿಯಿಂದ ಅನುಮೋದಿಸಿದ್ದರು. ಆರನ್ನೂ ಗೋದಾಮಿನ ರಸೀದಿ, ಬ್ಯಾಂಕ್ ಪಾವತಿ ಜೊತೆ ನೋಡಿದೆವು. ಅದೇ ಲಾಗ್‌ನಲ್ಲಿ 3 ವೆಂಡರ್‌ಗಳ ಬ್ಯಾಂಕ್ ಖಾತೆ ಸಂಖ್ಯೆ ಬದಲಾಗಿತ್ತು. ಆ ಮೂವರಿಗೂ ಫೋನ್ ಮಾಡಿ ಖಚಿತಪಡಿಸಿಕೊಂಡೆವು. ಫೋನ್ ನಂಬರನ್ನು ಹಳೆಯ ಒಪ್ಪಂದದ ಕಾಗದದಿಂದ ತೆಗೆದುಕೊಳ್ಳಿ, ವ್ಯವಸ್ಥೆಯಲ್ಲಿ ಇರುವುದನ್ನಲ್ಲ. ಖಾತೆ ಬದಲಿಸಿದವರು ನಂಬರನ್ನೂ ಬದಲಿಸಿರಬಹುದು, ಅಲ್ವಾ? ಮೂರೂ ಸರಿ ಇದ್ದವು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ರಿಪೋರ್ಟ್ ಪರಿಶೀಲನೆ ನಮೂನೆ’ ಅಂತ ಹೌದು-ಇಲ್ಲ ಬಾಕ್ಸ್‌ಗಳಿರುವ ಸಿದ್ಧ ಫಾರಂಗಳು ಸಿಗುತ್ತವೆ. ಅದರಲ್ಲಿ ‘ಸಿಯುಇಸಿ ಪರಿಗಣಿಸಲಾಗಿದೆಯೇ?’ ಎಂಬ ಬಾಕ್ಸ್ ಇರುತ್ತದೆ, ಎಲ್ಲರೂ ‘ಹೌದು’ ಎಂದು ಟಿಕ್ ಮಾಡುತ್ತಾರೆ. ಬಳಸಬೇಡಿ. ಖಾಲಿ ಶೀಟ್ ತೆಗೆದು ಮೂರು ಕಾಲಂ ಹಾಕಿ: ರಿಪೋರ್ಟ್ ಕ್ಲೈಂಟ್‌ನಿಂದ ಏನು ಕೇಳುತ್ತದೆ, ಕ್ಲೈಂಟ್ ನಿಜವಾಗಿ ಏನು ಮಾಡುತ್ತಾರೆ, ನಾವು ಏನು ನೋಡಿದೆವು. ಮೂರನೇ ಕಾಲಂ ಖಾಲಿ ಉಳಿದ ಕಡೆ ಕೆಲಸ ಬಾಕಿ ಇದೆ.

6. ಬಿಟ್ಟ ಭಾಗ ಹುಡುಕಿ

ಸರ್ವಿಸ್ ಕಂಪನಿ ತನ್ನ ಸರ್ವರ್‌ಗಳನ್ನು ಇನ್ನೊಂದು ಡೇಟಾ ಸೆಂಟರ್ ಕಂಪನಿಯಲ್ಲಿ ಇಟ್ಟಿರಬಹುದು. ರಿಪೋರ್ಟ್ ‘ಕಾರ್ವ್ ಔಟ್’ ವಿಧಾನದ್ದಾದರೆ ಆ ಕಂಪನಿಯ ಕಂಟ್ರೋಲ್‌ಗಳು ಅದರಲ್ಲಿ ಇರುವುದಿಲ್ಲ. ಆ ಭಾಗ ನಿಮ್ಮ ಆಡಿಟ್‌ಗೆ ಮುಖ್ಯವಾದರೆ ಅವರ ರಿಪೋರ್ಟೂ ತರಿಸಿ, ಮೇಲಿನ ಹೆಜ್ಜೆಗಳನ್ನೇ ಮತ್ತೆ ಹಾಕಿ.

7. ನಿರ್ಧಾರ ಬರೆಯಿರಿ

‘ನಂಬಿದೆವು’ ಅಥವಾ ‘ನಂಬಲಿಲ್ಲ’ ಎಂದು ಇಡೀ ರಿಪೋರ್ಟಿಗೆ ಒಂದೇ ಮಾತು ಬರೆಯಬೇಡಿ. ನಮ್ಮ ಫೈಲಿನಲ್ಲಿ ಹೀಗಿದೆ: ಮೂರು ಕಾಗದ ತಾಳೆ ನೋಡುವ ಕಂಟ್ರೋಲನ್ನು ವರ್ಷವಿಡೀ ನಂಬಿದ್ದೇವೆ; ಸೆಪ್ಟೆಂಬರ್‌ವರೆಗೆ ರಿಪೋರ್ಟ್ ಮತ್ತು ನಮ್ಮ ಬಿಲ್ ಪರೀಕ್ಷೆ, ಆಮೇಲೆ ಪತ್ರ ಮತ್ತು ನಮ್ಮ ಡಿಸೆಂಬರ್ ಪರೀಕ್ಷೆ. ಇಬ್ಬರ ಅನುಮೋದನೆಯ ಕಂಟ್ರೋಲನ್ನು ಜೂನ್ 14ರಿಂದ ಜುಲೈ 9ರವರೆಗೆ ನಂಬಿಲ್ಲ. ಆ ಅವಧಿಯ ಬಿಲ್‌ಗಳನ್ನು ನೇರವಾಗಿ ನೋಡಿದ್ದೇವೆ. ಲಾಗಿನ್ ಲೋಪವನ್ನು ಕ್ಲೈಂಟ್ ಆಡಳಿತಕ್ಕೆ ಬರಹದಲ್ಲಿ ತಿಳಿಸಿದ್ದೇವೆ.

ನಿಮ್ಮ ಅಭಿಪ್ರಾಯ ಕ್ಲೀನ್ ಇರುವಾಗ ನಿಮ್ಮ ಆಡಿಟ್ ವರದಿಯಲ್ಲಿ ಸರ್ವಿಸ್ ಕಂಪನಿಯ ಆಡಿಟರ್ ಕೆಲಸವನ್ನು ಹೆಸರಿಸಬೇಡಿ. ಕಾನೂನು ಕೇಳದ ಹೊರತು ಐಎಸ್‌ಎ 402 ಅದಕ್ಕೆ ಅವಕಾಶ ಕೊಡುವುದಿಲ್ಲ.